ಖಾಲಿ ಮೊಲೆಗೆ ಬೀಳುವ ಪೆಟ್ಟು

ಸಂತೆಯಲ್ಲಿ ಕರೆಯುವ ಹಸು ಕೊಳ್ಳಲು ಬಂದವರು ಹಲ್ಲು, ಸುಳಿ ಎಲ್ಲ ನೋಡಿದ ಮೇಲೆ ಕೆಚ್ಚಲ ಪಕ್ಕ ಕುಕ್ಕರಗಾಲಲ್ಲಿ ಕೂತು, ನಾಲ್ಕೂ ಮೊಲೆಗಳಿಂದ ಒಂದೆರಡು ಸಲ ಹಾಲು ಹಿಂಡಿ ನೋಡುತ್ತಾರೆ. ಒಂದು ಮೊಲೆಯ ಧಾರೆ ಸಣ್ಣಗಿದ್ದರೆ, ಇಲ್ಲವೇ ಓರೆಯಾಗಿ ಚಿಮ್ಮಿದರೆ ಬೆಲೆ ಅಲ್ಲೇ ಇಳಿಯುತ್ತದೆ. ಹಾಲೇ ಬಾರದಿದ್ದರೆ ಅದು ಮೂರು ಮೊಲೆ ಹಸು, ಮಾರುವವರು ಎಷ್ಟು ಹೊಗಳಿದರೂ ಯಾರೂ ಕಿವಿಗೊಡುವುದಿಲ್ಲ. ಆ ನಾಲ್ಕನೆಯ ಮೊಲೆ ಹೇಗೆ ಹಾಳಾಯಿತು ಎಂದು ಕೆದಕಿದರೆ ಮುಳ್ಳುತಂತಿಯೋ ಪಕ್ಕದ ಹಸುವಿನ ಗೊರಸೋ ಕಾರಣವಾಗಿರುವುದು ಉಂಟು. ಆದರೆ ಅನೇಕ ಸಲ ಕಾರಣ ದಿನಕ್ಕೆ ಎರಡು ಹೊತ್ತು ಹಾಲು ಕರೆದ ರೀತಿಯೇ ಆಗಿರುತ್ತದೆ. ಒಂದೇ ದಿನದಲ್ಲಿ ಆಗುವ ಗಾಯವಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೈ ಒಳ್ಳೆಯದೋ ಮೆಷಿನ್ ಒಳ್ಳೆಯದೋ ಎಂಬ ಚರ್ಚೆ ಡೈರಿ ಮುಂದೆ ದಿನವೂ ನಡೆಯುತ್ತದೆ. ಮೆಷಿನ್ ತಂದರೆ ಕೆಚ್ಚಲು ಬಾವು ಬರುತ್ತದೆ ಎನ್ನುವವರು ಒಂದು ಕಡೆ, ಕೈಯಲ್ಲಿ ಕರೆಯುವುದು ಹಳೇ ಕಾಲದ್ದು ಎನ್ನುವವರು ಇನ್ನೊಂದು ಕಡೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ: ಒತ್ತುವಾಗ ಅಥವಾ ಎಳೆಯುವಾಗ ಮೊಲೆಯ ಒಳಗೆ ಹಾಲು ಇತ್ತೋ ಇಲ್ಲವೋ? ಹಾಲು ತುಂಬಿದ ಮೊಲೆ ಸರಿಯಾದ ಕೈಯನ್ನೂ ಸರಿಯಾದ ಯಂತ್ರವನ್ನೂ ತಡೆದುಕೊಳ್ಳುತ್ತದೆ. ಖಾಲಿ ಮೊಲೆ ಎರಡನ್ನೂ ತಡೆದುಕೊಳ್ಳುವುದಿಲ್ಲ.

ಇದು ಏಕೆ ಎಂದು ತಿಳಿಯಲು ಮೊಲೆಯ ಒಳಗನ್ನು ಸ್ವಲ್ಪ ನೋಡಬೇಕು. ಮೊಲೆಯ ನಡುವೆ ಟೊಳ್ಳು ಜಾಗವಿದೆ, ಅದರ ಒಳಗೋಡೆಗೆ ಬಹಳ ತೆಳುವಾದ ಪೊರೆಯಿದೆ. ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರಿದಾದ ನಾಳ. ಆ ನಾಳವನ್ನು ಸುತ್ತುವರಿದ ಸ್ನಾಯು ಕರೆಯದ ಹೊತ್ತಿನಲ್ಲಿ ಬಾಯನ್ನು ಬಿಗಿಯಾಗಿ ಮುಚ್ಚಿಡುತ್ತದೆ. ನಾಳದ ಒಳಗಿನ ಕೆರಾಟಿನ್ ಎಂಬ ಲೇಪ ಕೊಟ್ಟಿಗೆಯ ರೋಗಾಣುಗಳು ಮೇಲೆ ಏರದಂತೆ ತಡೆಯುತ್ತದೆ. ಟೊಳ್ಳಿನಲ್ಲಿ ಹಾಲಿದ್ದಾಗ ಒಳಪೊರೆಯ ಗೋಡೆಗಳು ಒಂದಕ್ಕೊಂದು ತಾಗುವುದಿಲ್ಲ, ಬೆರಳಿನ ಒತ್ತಡವನ್ನು ಹಾಲೇ ಹೊರುತ್ತದೆ. ಹಾಲಿಲ್ಲದಿದ್ದರೆ ಗೋಡೆಗೆ ಗೋಡೆ ತಿಕ್ಕುತ್ತದೆ, ಪೊರೆ ತರಚುತ್ತದೆ. ತರಚಿದ ಜಾಗ ಮಾಯುವಾಗ ದಪ್ಪಗಾಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಒಳಗೆ ಗಂಟು ಕಟ್ಟಿ ಹಾಲಿನ ದಾರಿ ಕಿರಿದಾಗುತ್ತದೆ.

ಇನ್ನೊಂದು ಸಂಗತಿ ಗಮನಿಸಬೇಕು. ಕೆಚ್ಚಲಲ್ಲಿರುವ ಹಾಲೆಲ್ಲ ಮೊಲೆಯ ಮೇಲೇ ಇಳಿದು ಕಾದಿರುವುದಿಲ್ಲ. ಹಸುವಿನಲ್ಲಿ ಸುಮಾರು ಐದನೇ ಒಂದು ಭಾಗ ಮಾತ್ರ ಕೈಗೆ ತಕ್ಷಣ ಸಿಗುವಂತೆ ಕೆಳಗಿನ ಕೋಶದಲ್ಲಿರುತ್ತದೆ. ಉಳಿದದ್ದು ಕೆಚ್ಚಲ ಮಾಂಸದೊಳಗಿನ ಸಣ್ಣಸಣ್ಣ ಚೀಲಗಳಲ್ಲಿರುತ್ತದೆ. ಹಸು ತೊರೆ ಬಿಟ್ಟ ಹೊರತು ಅದು ಕೆಳಗಿಳಿಯುವುದಿಲ್ಲ. ಕರು ಗುದ್ದಿದಾಗ ಅಥವಾ ಕೈ ಸವರಿದಾಗ ಮೊಲೆಯಿಂದ ಮಿದುಳಿಗೆ ಸುದ್ದಿ ಹೋಗಿ, ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ರಕ್ತದಲ್ಲಿ ಹರಿದು ಬಂದು ಆ ಚೀಲಗಳನ್ನು ಹಿಂಡುತ್ತದೆ. ಇದಕ್ಕೆಲ್ಲ ಒಂದರಿಂದ ಒಂದೂವರೆ ನಿಮಿಷ ಬೇಕು. ಎಮ್ಮೆಗೆ ಇನ್ನೂ ಹೆಚ್ಚು ಹೊತ್ತು ಬೇಕು, ಅದರ ಕೆಳಗಿನ ಕೋಶದಲ್ಲಿ ಮೊದಲೇ ಇರುವ ಹಾಲೂ ತೀರ ಕಡಿಮೆ. ಒಮ್ಮೆ ಬಿಟ್ಟ ತೊರೆ ಐದರಿಂದ ಎಂಟು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಇಳಿಯುತ್ತದೆ. ನಡುವೆ ಹಸು ಹೆದರಿದರೆ, ಏಟು ತಿಂದರೆ, ಹೊಸಬರನ್ನೋ ನಾಯಿಯನ್ನೋ ಕಂಡು ಬೆದರಿದರೆ ಅಡ್ರಿನಲಿನ್ ಹರಿದು ತೊರೆ ನಿಂತೇ ಹೋಗುತ್ತದೆ. ಹಸು ಹಾಲು ಕದಿಯಿತು ಎಂದು ನಾವು ಅದರ ಮೇಲೆ ತಪ್ಪು ಹೊರಿಸುವುದು ಇಂಥ ಹೊತ್ತಿನಲ್ಲೇ.

ಅಂದರೆ ಕರೆಯುವ ಹೊತ್ತಿನಲ್ಲಿ ಮೊಲೆ ಖಾಲಿಯಾಗುವ ಗಳಿಗೆಗಳು ಎರಡು. ತೊರೆ ಬಿಡುವ ಮುನ್ನ ಕೈ ಹಾಕಿದರೆ ಮೊದಲ ಹಾಲು ಬೇಗ ಮುಗಿದು, ಮುಂದಿನದು ಇಳಿಯುವವರೆಗೆ ಒಂದು ಖಾಲಿ ಹೊತ್ತು ಬರುತ್ತದೆ. ಎಲ್ಲ ಮುಗಿದ ಮೇಲೂ ಬಿಡದೆ ಜಗ್ಗಿದರೆ ಕೊನೆಯಲ್ಲಿ ಇನ್ನೊಂದು. ಮೊಲೆಗೆ ಬೀಳುವ ಪೆಟ್ಟಿನ ದೊಡ್ಡ ಪಾಲು ಈ ಎರಡು ಗಳಿಗೆಗಳಲ್ಲೇ ಬೀಳುತ್ತದೆ.

ಕೈಯಲ್ಲಿ ಕರೆಯುವುದನ್ನು ಮೊದಲು ನೋಡೋಣ. ಸರಿಯಾದದ್ದು ಮುಷ್ಟಿಯಲ್ಲಿ ಕರೆಯುವುದು. ಮೊಲೆಯನ್ನು ಅಂಗೈಗೆ ತುಂಬಿಕೊಂಡು, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೊಲೆಯ ಬುಡವನ್ನು ಉಂಗುರದ ಹಾಗೆ ಮುಚ್ಚಬೇಕು. ಈಗ ಮೊಲೆಯೊಳಗಿನ ಹಾಲು ಮೇಲೆ ಹೋಗಲಾರದು. ಆಮೇಲೆ ನಡುಬೆರಳು, ಉಂಗುರ ಬೆರಳು, ಕಿರುಬೆರಳು ಒಂದರ ಹಿಂದೆ ಒಂದು ಮಡಚಿಕೊಳ್ಳುತ್ತ ಒತ್ತಿದರೆ ಹಾಲು ತುದಿಯಿಂದ ಚಿಮ್ಮುತ್ತದೆ. ಕೂಡಲೇ ಕೈ ಸಡಿಲಿಸಬೇಕು, ಆಗ ಮೇಲಿನ ಹಾಲು ಇಳಿದು ಮೊಲೆ ಮತ್ತೆ ತುಂಬುತ್ತದೆ. ಇಲ್ಲಿ ಕೈ ಕೆಳಕ್ಕೆ ಜಾರುವುದೇ ಇಲ್ಲ, ಇದ್ದ ಜಾಗದಲ್ಲೇ ಒತ್ತಿ ಬಿಡುವುದಷ್ಟೇ. ನೋಡುವವರಿಗೆ ಮೊಲೆ ಉದ್ದವಾಗುತ್ತಿರುವುದು ಕಂಡರೆ ಕರೆಯುವವರು ಒತ್ತುತ್ತಿಲ್ಲ, ಎಳೆಯುತ್ತಿದ್ದಾರೆ ಎಂದೇ ಅರ್ಥ.

ನಮ್ಮ ಕೊಟ್ಟಿಗೆಗಳಲ್ಲಿ ಹೆಚ್ಚು ಕಾಣುವುದು ಬೇರೆ ಎರಡು ಬಗೆ. ಹೆಬ್ಬೆರಳನ್ನು ಮಡಚಿ, ಅದರ ಗೆಣ್ಣಿಗೆ ಮೊಲೆಯನ್ನು ಅದುಮಿ ಕರೆಯುವುದು ಒಂದು. ಬೆರಳು ಸೋತವರಿಗೆ ಇದು ಸುಲಭ, ಹಾಲೂ ಜೋರಾಗಿ ಬರುತ್ತದೆ. ಆದರೆ ಅಂಗೈ ತುಂಬ ಹರಡಬೇಕಾದ ಒತ್ತಡವೆಲ್ಲ ಗೆಣ್ಣಿನ ಒಂದೇ ಮೂಳೆಯಡಿ ಕೂಡಿ, ದಿನವೂ ಅದೇ ಜಾಗದಲ್ಲಿ ಪೊರೆಯನ್ನು ಜಜ್ಜುತ್ತದೆ. ಗಂಟು ಹುಟ್ಟುವುದು ಅಲ್ಲೇ. ಎರಡನೆಯದು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೊಲೆಯನ್ನು ಹಿಡಿದು ಬುಡದಿಂದ ತುದಿಯವರೆಗೆ ಜಗ್ಗುವುದು. ಒಣಕೈ ಜಾರುವುದಿಲ್ಲವಾದ್ದರಿಂದ ಹಾಲಿನ ನೊರೆಯನ್ನೋ ಎಣ್ಣೆಯನ್ನೋ ಸವರಿಕೊಳ್ಳುತ್ತಾರೆ. ನೊರೆಯ ಜೊತೆ ಒಂದು ಮೊಲೆಯ ರೋಗಾಣು ನಾಲ್ಕಕ್ಕೂ ಹರಡುತ್ತದೆ, ಒದ್ದೆಯಾಗಿ ಒಣಗುವ ಚರ್ಮ ಸೀಳುತ್ತದೆ, ಪ್ರತಿ ಎಳೆತಕ್ಕೂ ಒಳಪೊರೆ ಉದ್ದಕ್ಕೆ ಜಗ್ಗುತ್ತದೆ. ಒಣ ಕೈ, ಒಣ ಮೊಲೆ, ಕತ್ತರಿಸಿದ ಉಗುರು, ಇಷ್ಟಿದ್ದರೆ ಎಣ್ಣೆಯ ಅಗತ್ಯವೇ ಬೀಳುವುದಿಲ್ಲ.

ಚೊಚ್ಚಲು ಹಸುವಿನ ಮೊಲೆ ಪುಟ್ಟದು, ಮುಷ್ಟಿಗೆ ಸಿಗುವುದಿಲ್ಲ ಎಂಬ ಮಾತು ನಿಜ. ಅಂಥದ್ದಕ್ಕೆ ಹೆಬ್ಬೆರಳು ಒಂದು ಕಡೆ, ತೋರುಬೆರಳು ಮತ್ತು ನಡುಬೆರಳು ಇನ್ನೊಂದು ಕಡೆ ಇಟ್ಟು, ಮೇಲಿನ ಬೆರಳಿನಿಂದ ಬುಡ ಮುಚ್ಚಿ ಕೆಳಗಿನದರಿಂದ ಒತ್ತಬೇಕು. ಬೆರಳು ಮೂರೇ ಆದರೂ ಕೆಲಸ ಒತ್ತಿ ಬಿಡುವುದೇ ಹೊರತು ಜಗ್ಗುವುದಲ್ಲ. ನಿಧಾನವಾಗುತ್ತದೆ, ಆಗಲಿ. ಚೊಚ್ಚಲು ಹಸು ಮೊದಲ ತಿಂಗಳಲ್ಲಿ ನೋವುಂಡರೆ ಆ ಸೂಲು ಪೂರ್ತಿ ಒದೆಯುತ್ತದೆ.

ಇನ್ನು ಯಂತ್ರ. ಮೆಷಿನ್ ಕೈಯ ಹಾಗೆ ಹಾಲನ್ನು ಹಿಂಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಹಿಂಡುವುದಿಲ್ಲ, ಹೀರುತ್ತದೆ. ಪಂಪು ಗಾಳಿಯನ್ನು ತೆಗೆದು ಬಕೆಟ್ಟಿನಲ್ಲೂ ಕಪ್ಪಿನಲ್ಲೂ ನಿರ್ವಾತ ಉಂಟುಮಾಡುತ್ತದೆ. ಮೊಲೆಯ ಕೆಳಗೆ ಒತ್ತಡ ಕಡಿಮೆಯಾಗಿ, ಒಳಗಿನ ಹಾಲು ತುದಿಯ ಬಾಯನ್ನು ತೆರೆದುಕೊಂಡು ಹೊರಬರುತ್ತದೆ. ಆದರೆ ಎಡೆಬಿಡದೆ ಹೀರುತ್ತಿದ್ದರೆ ಹಾಲಿನ ಜೊತೆ ರಕ್ತವೂ ನೀರಿನಂಶವೂ ಮೊಲೆಯ ತುದಿಗೆ ಇಳಿದು ಅಲ್ಲೇ ಕಟ್ಟಿಕೊಳ್ಳುತ್ತದೆ. 19ನೇ ಶತಮಾನದ ಮೊದಮೊದಲ ಯಂತ್ರಗಳು ಹೀಗೆ ಒಂದೇ ಸಮನೆ ಹೀರಿಯೇ ಹಸುಗಳ ಮೊಲೆ ಕೆಡಿಸಿದವು. ಅದಕ್ಕೆ ಸಿಕ್ಕ ಪರಿಹಾರವೇ ಪಲ್ಸೇಟರ್. ಸ್ಟೀಲ್ ಕಪ್ಪಿನೊಳಗೆ ರಬ್ಬರಿನ ಲೈನರ್ ಇದೆಯಲ್ಲ, ಈ ಎರಡರ ನಡುವಿನ ಸಂದಿಗೆ ಪಲ್ಸೇಟರ್ ಒಮ್ಮೆ ನಿರ್ವಾತವನ್ನೂ ಒಮ್ಮೆ ಹೊರಗಿನ ಗಾಳಿಯನ್ನೂ ಬಿಡುತ್ತದೆ. ಸಂದಿಯಲ್ಲಿ ನಿರ್ವಾತವಿದ್ದಾಗ ಲೈನರ್ ತೆರೆದಿರುತ್ತದೆ, ಹಾಲು ಹರಿಯುತ್ತದೆ. ಗಾಳಿ ಬಂದಾಗ ಲೈನರ್ ಮೊಲೆಯ ಸುತ್ತ ಮುಚ್ಚಿಕೊಳ್ಳುತ್ತದೆ, ಹರಿವು ನಿಲ್ಲುತ್ತದೆ, ತುದಿಯಲ್ಲಿ ಕಟ್ಟಿದ ರಕ್ತ ಮೇಲೆ ಸರಿಯುತ್ತದೆ. ನಿಮಿಷಕ್ಕೆ ಸುಮಾರು 60 ಸಲ ಹೀಗಾಗುತ್ತದೆ. 60:40 ಎಂದು ಬರೆದಿದ್ದರೆ ಪ್ರತಿ ಸೆಕೆಂಡಿನಲ್ಲಿ ಹತ್ತರಲ್ಲಿ ಆರು ಪಾಲು ಹಾಲಿಗೆ, ನಾಲ್ಕು ಪಾಲು ಮೊಲೆಯ ವಿಶ್ರಾಂತಿಗೆ ಎಂದರ್ಥ. ಈ ವಿಶ್ರಾಂತಿ ತಪ್ಪಿದ ಯಂತ್ರ ಅಪಾಯಕಾರಿ.

ಅದು ತಪ್ಪುವುದು ಸಾಮಾನ್ಯವಾಗಿ ಸಣ್ಣ ಕಾರಣಕ್ಕೆ. ಪಲ್ಸೇಟರಿನಲ್ಲಿ ಧೂಳು ಕೂತಿರುತ್ತದೆ. ಹಾಲು ಬರುತ್ತಲೇ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ. ಮೆಷಿನ್ ಚಾಲೂ ಮಾಡಿ, ಮೂರು ಕಪ್ಪುಗಳ ಹಾಲಿನ ಕೊಳವೆಗಳನ್ನು ಮಡಚಿ ಮುಚ್ಚಿ, ನಾಲ್ಕನೆಯದಕ್ಕೆ ತೊಳೆದ ಹೆಬ್ಬೆರಳು ತೂರಿಸಿ ಮೊಬೈಲಿನ ಗಡಿಯಾರ ನೋಡುತ್ತ ಅರ್ಧ ನಿಮಿಷ ಎಣಿಸಬೇಕು. ಲೈನರ್ ಸುಮಾರು 30 ಸಲ ಬೆರಳನ್ನು ಅಪ್ಪಿ ಬಿಡಬೇಕು. ನಾಲ್ಕು ಕಪ್ಪುಗಳಲ್ಲೂ ಒಂದೇ ಬಿಗಿ ಇರಬೇಕು. ಒಂದರಲ್ಲಿ ಬರೀ ಎಳೆತ ಗೊತ್ತಾಗಿ ಅಪ್ಪುಗೆ ಗೊತ್ತಾಗದಿದ್ದರೆ ಆ ಕಪ್ಪಿನ ಮೊಲೆಗೆ ಇಷ್ಟು ದಿನ ವಿಶ್ರಾಂತಿಯೇ ಸಿಕ್ಕಿಲ್ಲ.

ಎಳೆತದ ಪ್ರಮಾಣವನ್ನು ಗೇಜ್ ಹೇಳುತ್ತದೆ. ಬಕೆಟ್ ಮಾದರಿಯ ಸಣ್ಣ ಯಂತ್ರಗಳಲ್ಲಿ ಹಸುವಿಗೆ 40ರಿಂದ 45 ಕಿಲೋಪಾಸ್ಕಲ್ ಸಾಕಾಗುತ್ತದೆ. ಗೇಜಿನಲ್ಲಿ ಪಾದರಸದ ಮಿಲಿಮೀಟರ್ ಇದ್ದರೆ ಅದು 300ರಿಂದ 340ರ ಆಸುಪಾಸು. ಯಂತ್ರದ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಬೇಕು. ಬೇಗ ಮುಗಿಯಲಿ ಎಂದು ರೆಗ್ಯುಲೇಟರ್ ತಿರುಗಿಸಿ ಏರಿಸುವವರಿದ್ದಾರೆ. ಉಳಿಯುವ ಸಮಯ ಸ್ವಲ್ಪ, ಮೊಲೆಯ ತುದಿ ತೆರುವ ಬೆಲೆ ಹೆಚ್ಚು. ಲೈನರ್ ಹಳತಾದರೂ ಇದೇ ಪಾಡು: ಸಡಿಲವಾದ ರಬ್ಬರು ಮೊಲೆಯನ್ನು ಸರಿಯಾಗಿ ಅಪ್ಪುವುದಿಲ್ಲ, ಒಳಗೆ ಬಿರುಕುಬಿಟ್ಟರೆ ಅಲ್ಲಿ ರೋಗಾಣು ಮನೆ ಮಾಡುತ್ತದೆ. ಸಾಮಾನ್ಯ ರಬ್ಬರ್ ಲೈನರನ್ನು 2,500 ಕರೆತಕ್ಕೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಬದಲಿಸಬೇಕು. ಒಂದೇ ಸೆಟ್ಟಿನಲ್ಲಿ ಹತ್ತು ಹಸುಗಳನ್ನು ಎರಡು ಹೊತ್ತು ಕರೆದರೆ ದಿನಕ್ಕೆ 20 ಕರೆತ, ಅಂದರೆ 125 ದಿನಕ್ಕೇ ಲೈನರ್ ಮುಗಿಯಿತು. ಮೂರೇ ಹಸುಗಳಿದ್ದರೆ ಆರು ತಿಂಗಳ ಲೆಕ್ಕ. ಕಣ್ಣಿಗೆ ಚೆನ್ನಾಗಿ ಕಾಣುತ್ತಿದೆ ಎಂದು ಒಂದು ವರ್ಷ ಓಡಿಸುವುದನ್ನು ನಾನು ಎಂದೂ ಒಪ್ಪುವುದಿಲ್ಲ.

ಬೆಳಗಿನ ಹೊತ್ತು ಎಂಟು ಲೀಟರ್ ಕೊಡುವ ಎಚ್‌ಎಫ್ ಮಿಶ್ರತಳಿಯ ಒಂದು ಹಸುವನ್ನು ತೆಗೆದುಕೊಳ್ಳೋಣ. ಮನೆಯವರು ಬಂದ ಕೂಡಲೇ ಒಂದು ಮಗ್ ನೀರು ಎರಚಿ ಕಪ್ ಹಾಕಿಬಿಟ್ಟರು. ಕೋಶದಲ್ಲಿದ್ದ ಒಂದೂವರೆ ಲೀಟರಿನಷ್ಟು ಹಾಲು ಒಂದು ನಿಮಿಷದೊಳಗೆ ಬಂದು ಕೊಳವೆಯಲ್ಲಿ ಹರಿವು ಕಡಿಮೆಯಾಯಿತು. ತೊರೆ ಇನ್ನೂ ಬಂದಿಲ್ಲ. ಈ ಹೊತ್ತಿನಲ್ಲಿ ಖಾಲಿ ಮೊಲೆಯ ಮೇಲೆ ಕಪ್ ಏರಿಕೊಂಡು, ಲೈನರಿನ ಬಾಯಿ ಮೊಲೆಯ ಬುಡವನ್ನು ಹಿಸುಕುತ್ತದೆ. ಮುಂದೆ ತೊರೆ ಬಂದರೂ ಬುಡದ ದಾರಿ ಕಿರಿದಾಗಿರುವುದರಿಂದ ಹಾಲು ನಿಧಾನ. ಐದು ನಿಮಿಷದಲ್ಲಿ ಮುಗಿಯಬೇಕಾದದ್ದು ಎಂಟು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮನೆಯವರು ಪಕ್ಕದ ಹಸುವಿಗೆ ಹಿಂಡಿ ಕಲಸಲು ಹೋದರು, ಕಪ್ ಇನ್ನೂ ಮೂರು ನಿಮಿಷ ಸುಮ್ಮನೆ ಎಳೆಯಿತು. ಹಸು ಒದೆಯಿತು. ಓಡಿಬಂದವರು ಎಳೆತ ನಿಲ್ಲಿಸದೆಯೇ ಕಪ್ಪನ್ನು ಕಿತ್ತರು.

ಅದೇ ಹಸು, ಅದೇ ಮೆಷಿನ್, ಕ್ರಮ ಮಾತ್ರ ಬೇರೆ ಎಂದಿಟ್ಟುಕೊಳ್ಳಿ. ಮೊದಲು ಪ್ರತಿ ಮೊಲೆಯಿಂದ ಮೂರು ನಾಲ್ಕು ಧಾರೆ ಕಪ್ಪು ಬಣ್ಣದ ತಟ್ಟೆಗೆ ಹಿಂಡಿ, ಹಾಲಿನಲ್ಲಿ ಗರಣೆಯೋ ನೀರೋ ರಕ್ತವೋ ಇದೆಯೇ ಎಂದು ನೋಡುವುದು. ಇದರಿಂದ ಹಸುವಿಗೆ ಸೂಚನೆಯೂ ಸಿಗುತ್ತದೆ. ಮೊಲೆ ತೊಳೆದು, ಈ ಹಸುವಿಗೆಂದೇ ಇಟ್ಟ ಬಟ್ಟೆಯಿಂದ ತುದಿಯವರೆಗೆ ಒಣಗುವಂತೆ ಒರೆಸುವುದು. ಇಷ್ಟು ಮಾಡುವಷ್ಟರಲ್ಲಿ ಒಂದು ನಿಮಿಷ ದಾಟಿ, ಮೊಲೆಗಳು ಉಬ್ಬಿ ಬಿಗಿಯಾಗುತ್ತವೆ. ಕಪ್ ಹಾಕಬೇಕಾದ ಹೊತ್ತು ಅದು. ಸಣ್ಣ ಹಾಲಿನ ಕೊಳವೆಯನ್ನು ಮಡಚಿ ಹಿಡಿದು ಒಂದೊಂದೇ ಕಪ್ಪನ್ನು ಏರಿಸಿದರೆ ಗಾಳಿ ನುಗ್ಗುವುದಿಲ್ಲ. ನಡುವೆ ‘ಪುಸ್’ ಎಂಬ ಸದ್ದು ಬಂದರೆ ಕಪ್ ಜಾರಿ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಆ ಗಾಳಿಯ ಜೊತೆ ಹಾಲಿನ ಹನಿಗಳು ಹಿಂದಕ್ಕೆ ಚಿಮ್ಮಿ, ಮೊಲೆಯ ತೆರೆದ ಬಾಯಿಗೆ ರೋಗಾಣುವನ್ನು ಒಯ್ಯುತ್ತವೆ. ಕೂಡಲೇ ಸರಿಪಡಿಸಬೇಕು. ನಾಲ್ಕೈದು ನಿಮಿಷದಲ್ಲಿ ಪಾರದರ್ಶಕ ಕೊಳವೆಯಲ್ಲಿ ಧಾರೆ ತೆಳುವಾಗಿ ಹನಿಯಾಗುತ್ತದೆ. ಆಗ ಎಳೆತದ ಕೀಲಿ ಮುಚ್ಚಿ, ಎರಡು ಮೂರು ಸೆಕೆಂಡ್ ಕಾದು, ತಾನಾಗಿ ಸಡಿಲವಾದ ಕಪ್ಪುಗಳನ್ನು ಕೈಗೆ ತೆಗೆದುಕೊಳ್ಳುವುದು. ಇಡೀ ಕೆಲಸಕ್ಕೆ ಹಿಡಿದದ್ದು ಆರೂವರೆ ನಿಮಿಷ, ಮೊಲೆಗೆ ಖಾಲಿ ಹೊತ್ತು ಬಹುತೇಕ ಇಲ್ಲ.

ಈ ಎರಡು ಕ್ರಮಗಳ ವ್ಯತ್ಯಾಸ ಕಪ್ ತೆಗೆದ ಒಂದು ನಿಮಿಷದೊಳಗೆ ಮೊಲೆ ನೋಡಿದರೆ ತಿಳಿಯುತ್ತದೆ. ಸರಿಯಾಗಿ ಕರೆದ ಮೊಲೆ ಮೆತ್ತಗಿರುತ್ತದೆ, ಬಣ್ಣ ಬದಲಾಗಿರುವುದಿಲ್ಲ. ಕೆಂಪಗೆ ಅಥವಾ ನೀಲಿಗೆ ತಿರುಗಿದ್ದರೆ, ಮುಟ್ಟಿದಾಗ ಗಟ್ಟಿಯಾಗಿದ್ದರೆ, ತುದಿ ಚಪ್ಪಟೆಯಾಗಿದ್ದರೆ, ಬುಡದಲ್ಲಿ ಬಳೆಯ ಗುರುತು ಮೂಡಿದ್ದರೆ ಎಳೆತ ಹೆಚ್ಚಾಗಿದೆ ಅಥವಾ ಹೊತ್ತು ಮೀರಿದೆ. ಹೀಗೆಯೇ ವಾರಗಟ್ಟಲೆ ನಡೆದರೆ ತುದಿಯ ಬಾಯಿಯ ಸುತ್ತ ಬಿಳಿಯ ಉಂಗುರ ಏಳುತ್ತದೆ. ಮೊದಮೊದಲು ಅದು ನುಣುಪು, ಮುಟ್ಟಿದರೂ ಬೆರಳಿಗೆ ಸಿಗದಷ್ಟು. ಆಮೇಲೆ ಒರಟಾಗಿ ಎಳೆಎಳೆಯಾಗಿ ಬಿರಿಯುತ್ತದೆ. ನುಣುಪಾದ ಸಣ್ಣ ಉಂಗುರಕ್ಕೆ ಗಾಬರಿ ಬೇಡ. ಒರಟು ಉಂಗುರವೆಂದರೆ ಬಾಯಿ ಸರಿಯಾಗಿ ಮುಚ್ಚುತ್ತಿಲ್ಲ, ಅಲ್ಲಿ ರೋಗಾಣು ನಿಲ್ಲಲು ಜಾಗವಾಗಿದೆ. ಐದು ಮೊಲೆಯಲ್ಲಿ ಒಂದಕ್ಕಿಂತ ಹೆಚ್ಚು ಹೀಗೆ ಕಂಡರೆ ತಪ್ಪು ಹಸುಗಳದ್ದಲ್ಲ, ಯಂತ್ರವನ್ನೂ ಕರೆಯುವ ಕ್ರಮವನ್ನೂ ತಪಾಸಣೆ ಮಾಡಬೇಕು. ಕೈಯಲ್ಲಿ ಕರೆಯುವ ಮನೆಯಲ್ಲಿ ನೋಡಬೇಕಾದದ್ದು ತುದಿಗಿಂತ ನಡುವನ್ನು. ಕರೆದಾದ ಮೇಲೆ ಮೊಲೆಯನ್ನು ಎರಡು ಬೆರಳ ನಡುವೆ ಮೆಲ್ಲಗೆ ಉರುಳಿಸಿದರೆ ಬಟಾಣಿಯಷ್ಟು ಗಂಟೋ ಉದ್ದನೆಯ ಗಟ್ಟಿ ಎಳೆಯೋ ಸಿಕ್ಕಿತು ಎಂದರೆ ಗೆಣ್ಣಿನ ಕೆಲಸ ಒಳಗೆ ಶುರುವಾಗಿದೆ.

ಕೊನೆಯ ಹನಿಯವರೆಗೆ ಕರೆಯಬೇಕು, ಇಲ್ಲದಿದ್ದರೆ ಬಾವು ಬರುತ್ತದೆ ಎಂಬ ನಂಬಿಕೆ ಎಷ್ಟೋ ಮೊಲೆಗಳನ್ನು ಕೆಡಿಸಿದೆ. ಕೊನೆಯ ಹಾಲಿನಲ್ಲಿ ಕೊಬ್ಬು ಹೆಚ್ಚು ಎಂಬುದು ನಿಜ. ಸಂಘದಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುವಾಗ ಅದನ್ನು ಬಿಡಲು ಮನಸ್ಸು ಬಾರದು. ಆದರೆ ನಾಲ್ಕೂ ಮೊಲೆ ಸೇರಿ ಒಂದು ಲೋಟದಷ್ಟು ಉಳಿದರೆ ಆರೋಗ್ಯವಾದ ಕೆಚ್ಚಲಿಗೆ ತೊಂದರೆಯಿಲ್ಲ, ಉಳಿದ ಕೊಬ್ಬು ಮುಂದಿನ ಹೊತ್ತಿನ ಹಾಲಿನ ಜೊತೆಗೇ ಬರುತ್ತದೆ. ಮೆಷಿನ್ ತೆಗೆದ ಮೇಲೆ ದಿನವೂ ಕೈಯಿಂದ ಜಗ್ಗುತ್ತಿದ್ದರೆ ಹಸು ಆ ಕೈಗೇ ಕಾದು ಹಾಲು ಉಳಿಸಿಕೊಳ್ಳುವುದನ್ನು ಕಲಿಯುತ್ತದೆ. ತೊರೆ ಬಿಡಿಸಲು ಆಕ್ಸಿಟೋಸಿನ್ ಚುಚ್ಚುವ ಚಾಳಿಯಂತೂ ಬೇಡವೇ ಬೇಡ. ರೂಢಿಯಾದ ಹಸು ಸೂಜಿಯಿಲ್ಲದೆ ತೊರೆ ಬಿಡುವುದನ್ನೇ ಮರೆಯುತ್ತದೆ. ಹಾಲು ಹೆಚ್ಚಿಸಲೆಂದು ಹಸುವಿನ ಆರೋಗ್ಯಕ್ಕೆ ಕೇಡಾಗುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಕೈಯಿರಲಿ ಮೆಷಿನ್ನಿರಲಿ, ಕರೆದಾದ ಮೇಲೆ ಮೊಲೆಯ ಬಾಯಿ ಪೂರ್ತಿ ಮುಚ್ಚಲು ಕನಿಷ್ಠ ಅರ್ಧ ಗಂಟೆ ಬೇಕು. ಅಯೋಡಿನ್ ಇರುವ ಟೀಟ್ ಡಿಪ್ ದ್ರಾವಣದಲ್ಲಿ ಪ್ರತಿ ಮೊಲೆಯನ್ನೂ ಅದ್ದಿ ತೆಗೆಯುವುದು ಅದಕ್ಕಾಗಿ. ಗ್ಲಿಸರಿನ್ ಸೇರಿದ್ದಾದರೆ ಚರ್ಮ ಒಡೆಯುವುದೂ ತಪ್ಪುತ್ತದೆ. ಮೇವನ್ನು ಕರೆದ ಮೇಲೆ ಹಾಕಿದರೆ ಹಸು ತಿನ್ನುತ್ತ ನಿಂತಿರುತ್ತದೆ, ಸಗಣಿಯ ಮೇಲೆ ಕೆಚ್ಚಲಿಟ್ಟು ಮಲಗುವುದಿಲ್ಲ.

ಎಲ್ಲ ಹಸುವಿಗೂ ಮೆಷಿನ್ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಮಲೆನಾಡು ಗಿಡ್ಡದಂಥ ತಳಿಯ ಪುಟ್ಟ ಮೊಲೆಗೆ ಎಚ್‌ಎಫ್‌ಗೆಂದು ಮಾಡಿದ ಲೈನರ್ ದೊಡ್ಡದು, ಕೊಡುವ ಹಾಲಿಗೂ ಅದು ಅನಗತ್ಯ. ಅದಕ್ಕೆ ಕರು ಮತ್ತು ಮುಷ್ಟಿಯೇ ಸರಿ. ಮೂರು ಮೊಲೆಯ ಹಸುವಿಗೆ ಮೆಷಿನ್ ಹಾಕುವಾಗ ನಾಲ್ಕನೆಯ ಕಪ್ಪಿಗೆ ಬಿರಟೆ ಹಾಕಬೇಕು, ಸತ್ತ ಮೊಲೆಗೆ ಏರಿಸಬಾರದು. ಬಾವು ಇರುವ ಹಸುವನ್ನು ಕೊನೆಗೆ ಕರೆಯಬೇಕು, ಅದರ ಹಾಲು ಸಂಘದ ಕ್ಯಾನಿಗೆ ಹೋಗಬಾರದು.

ಗಂಟು ಕಟ್ಟಿ ಧಾರೆ ಸಣ್ಣಗಾದಾಗ ಬೇವಿನ ಕಡ್ಡಿಯನ್ನೋ ಪೊರಕೆ ಕಡ್ಡಿಯನ್ನೋ ಬಾಯಿಗೆ ತೂರಿಸುವವರಿದ್ದಾರೆ. ಕಡ್ಡಿ ಒಂದು ಸಲ ದಾರಿ ಬಿಡಿಸಿದಂತೆ ಕಾಣುತ್ತದೆ. ಆದರೆ ಅದು ನಾಳದ ಲೇಪವನ್ನು ಕೆರೆದು, ಹೊರಗಿನ ಕೊಳೆಯನ್ನು ಒಳಗೆ ಒಯ್ಯುತ್ತದೆ, ಕೆಲವೇ ದಿನಗಳಲ್ಲಿ ಗಂಟಿನ ಜೊತೆ ಬಾವೂ ಸೇರುತ್ತದೆ. ಗಂಟು ಬಿಡಿಸುವ ಉಪಕರಣ ಪಶುವೈದ್ಯರ ಬಳಿ ಇದೆ, ಆ ಕೆಲಸವನ್ನು ಮೊಲೆ ಮರಗಟ್ಟಿಸಿ, ಶುದ್ಧವಾಗಿ, ಅವರೇ ಮಾಡಬೇಕು. ಗೊರಸಿಗೆ ಸಿಕ್ಕಿ ಮೊಲೆ ಸೀಳಿ ಗಾಯದಿಂದಲೇ ಹಾಲು ಸೋರುತ್ತಿದ್ದರೆ ಅಂದೇ ವೈದ್ಯರನ್ನು ಕರೆಸಬೇಕು. ಅಂಚು ಹಸಿಯಾಗಿರುವಾಗ ಹಾಕಿದ ಹೊಲಿಗೆ ಕೂಡಿಕೊಳ್ಳುತ್ತದೆ, ಊದಿಕೊಂಡು ಕೊಳೆತ ಅಂಚಿಗೆ ಹೊಲಿಗೆ ನಿಲ್ಲುವುದಿಲ್ಲ. ಅವರು ಬರುವವರೆಗೆ ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಚೊಕ್ಕ ಬಟ್ಟೆ ಸುತ್ತಿ, ಆ ಮೊಲೆಗೆ ಕೈಯನ್ನೂ ಕಪ್ಪನ್ನೂ ಹಾಕದೆ, ಕರುವನ್ನೂ ಬಿಡದೆ ಇರಬೇಕು.